ಬೀಜದ ಅಂಗಡಿಗೆ ಗೋಡೆ ಬರೆಯುವ ಮುನ್ನ: ಲಕ್ಷ್ಮೇಶ್ವರದ ಒಂದು ಗೋಡೆಯ ಅಳತೆ

ಬೀಜದ ವ್ಯಾಪಾರಕ್ಕೆ ಗೋಡೆ ಬರೆಸುವುದಿದ್ದರೆ ಮೇ ತಿಂಗಳ 10ರೊಳಗೆ ಕೆಲಸ ಮುಗಿದಿರಬೇಕು. ರೋಹಿಣಿ ಮಳೆ ಹುಟ್ಟುವುದು ಮೇ 25ರ ಸುಮಾರಿಗೆ, ಮಿರಗ ಕೂಡುವುದು ಜೂನ್ 7-8ಕ್ಕೆ. ಎರಿ ಹೊಲದವರು ಹೆಸರು ಬಿತ್ತಲು ಹದ ಕಾಯುತ್ತ ಬೀಜ ಕೊಳ್ಳುವುದು ಈ ಎರಡರ ನಡುವೆ. ಆಗ ಬರೆಯಲು ಹೊರಟರೆ ಗೋಡೆ ಒಣಗುವ ಹೊತ್ತಿಗೆ ಗಿರಾಕಿ ಬೀಜ ಒಯ್ದು ಬಿತ್ತಿ ಆಗಿರುತ್ತದೆ. ಇನ್ನು ಏಪ್ರಿಲ್ ಕೊನೆಯಿಂದ ಸಂಜೆ ಹೊತ್ತು ಗುಡುಗಿ ಸುರಿಯುವ ಅಡ್ಡಮಳೆಯ ಕಾಟವೂ ಇದೆ. ಬಣ್ಣ ಹಚ್ಚಿ ಎರಡು ತಾಸಿನೊಳಗೆ ಅಂಥ ಮಳೆ ಹೊಡೆದರೆ ಅಕ್ಷರವೆಲ್ಲ ಗೆರೆಗೆರೆಯಾಗಿ ಕೆಳಗಿಳಿಯುತ್ತವೆ. ಹಾಗಾಗಿ ಗೋಡೆ ಹುಡುಕುವ ಕೆಲಸ ಏಪ್ರಿಲ್ ಮೊದಲ ವಾರಕ್ಕೇ ಶುರುವಾಗಬೇಕು.

ಲೆಕ್ಕಕ್ಕೆ ಒಂದೇ ಗೋಡೆ ಹಿಡಿಯೋಣ. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಊರಿಗೆ ಬರುವ ರಸ್ತೆಯ ಪಕ್ಕ ಹಳೆಯ ಗೋದಾಮಿನ ಅಡ್ಡಗೋಡೆ. ಅಗಲ 24 ಅಡಿ, ಎತ್ತರ 9 ಅಡಿ. ಸಿಮೆಂಟ್ ಗಿಲಾವು, ಅದರ ಮೇಲೆ ವರ್ಷಾನುಗಟ್ಟಲೆ ಬಳಿದ ಸುಣ್ಣ, ನಡುವೆ ಯಾವುದೋ ಹಳೆಯ ಜಾಹೀರಾತಿನ ಎಣ್ಣೆ ಬಣ್ಣ. ಅಂಗಡಿ ಇರುವುದು ಎಪಿಎಂಸಿ ಗೇಟಿನ ಎದುರು.

ಗೋಡೆ ಯಾಕೆ ಇದೇ

ರಸ್ತೆಗೆ ಸಮಾನಾಂತರವಾಗಿ ನಿಂತ ಉದ್ದನೆಯ ಕಾಂಪೌಂಡ್ ಗೋಡೆ ನೋಡಲು ದೊಡ್ಡದು, ಬಾಡಿಗೆಯೂ ಕಡಿಮೆ. ಆದರೆ ಬೈಕಿನಲ್ಲಿ ಬರುವವನಿಗೆ ಅದು ಓರೆಯಾಗಿ ಕಾಣುತ್ತದೆ. ದೂರದಿಂದ ಅಕ್ಷರಗಳೆಲ್ಲ ಒಂದರೊಳಗೊಂದು ಸೇರಿಕೊಂಡು ಬೇಲಿಯಂತಾಗುತ್ತವೆ, ನೇರಕ್ಕೆ ಬಂದಾಗ ಒಂದು ಕ್ಷಣ ಮಾತ್ರ ಬಿಡಿಸಿಕೊಳ್ಳುತ್ತವೆ. ಬರುವವನ ಮುಖಕ್ಕೆ ನೇರವಾಗಿ ನಿಲ್ಲುವ ಅಡ್ಡಗೋಡೆ ಅದರ ಮೂರನೇ ಒಂದು ಪಾಲಿದ್ದರೂ ಹೆಚ್ಚು ಕೆಲಸ ಮಾಡುತ್ತದೆ.

ಬೈಕು ತಾಸಿಗೆ 30 ಕಿಲೋಮೀಟರಿನಲ್ಲಿ ಬಂದರೆ ಸೆಕೆಂಡಿಗೆ ಸುಮಾರು 8 ಮೀಟರ್ ದಾಟುತ್ತದೆ. ಈ ಗೋಡೆ 50 ಮೀಟರಿನಿಂದ 10 ಮೀಟರಿನವರೆಗೆ ಕಣ್ಣಿಗೆ ಸರಿಯಾಗಿ ಸಿಗುತ್ತದೆ ಎಂದಿಟ್ಟುಕೊಂಡರೆ ಓದಲು ಸಿಗುವುದು 5 ಸೆಕೆಂಡು. ಅಷ್ಟರಲ್ಲಿ ಒಂದು ಚಿತ್ರ, ಒಂದು ದೊಡ್ಡ ಸಾಲು, ಅಂಗಡಿಯ ಹೆಸರು. ಉಳಿದದ್ದನ್ನೆಲ್ಲ ಓದುವವರು ಬಸ್ಸಿಗೆ ಕಾಯುತ್ತ ನಿಂತವರು, ಎದುರಿನ ಚಹಾ ಅಂಗಡಿಯಲ್ಲಿ ಕುಳಿತವರು. ಯಾವ ಸಾಲು ಯಾರಿಗೆ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ, ಅಕ್ಷರದ ಗಾತ್ರವೂ ಅದರಿಂದಲೇ ಬರುತ್ತದೆ. ಬೋರ್ಡ್ ಬರೆಯುವವರ ಹಳೆಯ ಅಂದಾಜು ಹತ್ತು ಅಡಿ ದೂರಕ್ಕೆ ಒಂದಿಂಚು ಅಕ್ಷರ. ಸರಾಗವಾಗಿ ಓದಿಸಿಕೊಳ್ಳುವ ಗಾತ್ರ ಅದು.

ಇನ್ನೆರಡು ಸಂಗತಿ ನೋಡಿಕೊಳ್ಳಬೇಕು. ಏಪ್ರಿಲ್‌ನಲ್ಲಿ ಬೋಳಾಗಿರುವ ಮರ ಜುಲೈಗೆ ಚಿಗುರಿ ಅರ್ಧ ಗೋಡೆ ಮುಚ್ಚಬಹುದು. ಗೋಡೆಯ ಮುಂದಿನ ಜಾಗ ಯಾರದು ಎಂಬುದನ್ನೂ ಕೇಳಬೇಕು, ಸುಗ್ಗಿ ಮುಗಿದ ಮೇಲೆ ಅಲ್ಲಿ ಕಣಕಿ ಬಣವಿ ಎದ್ದರೆ ಸಾಲುಗಳೆಲ್ಲ ಅದರ ಹಿಂದೆ.

ಗೋಡೆಯ ಮಾಲೀಕರಿಂದ ಎಷ್ಟು ತಿಂಗಳಿಗೆ ಎಂದು ಬರೆಸಿಕೊಂಡ ಒಪ್ಪಿಗೆ ಬೇಕು, ಜೊತೆಗೆ ಪುರಸಭೆಯ ಲಿಖಿತ ಅನುಮತಿ ಬೇಕು. ಕರ್ನಾಟಕದಲ್ಲಿ ತೆರೆದ ಸ್ಥಳಗಳ ವಿರೂಪ ತಡೆಗೆ 1981ರ ಕಾಯ್ದೆ ಇದೆ. ಅದು ಜಾರಿಯಿರುವ ಊರಿನಲ್ಲಿ ಅನುಮತಿ ಇಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಕಡೆ ಜಾಹೀರಾತು ಬರೆದರೆ ಶಿಕ್ಷೆಯುಂಟು. ‘ನಮ್ಮ ಗ್ವಾಡಿ, ನಮ್ಮ ಬಣ್ಣ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಏನು ಬರೆಯಬೇಕು, ಏನು ಬೇಡ

ಅಂಗಡಿಯವರು ಸಾಮಾನ್ಯವಾಗಿ ಒಂದು ಬಿಲ್ ಬುಕ್ ಕೈಗಿಟ್ಟು ‘ಇದರಾಗ ಇದ್ದದ್ದೆಲ್ಲಾ ಬರೀರಿ’ ಎನ್ನುತ್ತಾರೆ. ಬಿಲ್ ಬುಕ್ಕಿನಲ್ಲಿ ದೇವರ ಹೆಸರಿನಿಂದ ಹಿಡಿದು ಕ್ರಿಮಿನಾಶಕದವರೆಗೆ ಹತ್ತು ಸಾಲು ಇರುತ್ತದೆ. ಅದರಿಂದ ಗೋಡೆಗೆ ಬರುವುದು ನಾಲ್ಕು ಮಾತ್ರ: ಇದು ಏನಿನ ಅಂಗಡಿ, ಹೆಸರೇನು, ಈ ಹಂಗಾಮಿಗೆ ಯಾವ ಬೀಜ ಇದೆ, ಎಲ್ಲಿದೆ.

ಬೆಲೆ ಬರೆಯಬಾರದು. ಬಿಟಿ ಹತ್ತಿ ಬೀಜದ ಗರಿಷ್ಠ ಬೆಲೆಯನ್ನು 2015ರ ಹತ್ತಿ ಬೀಜ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಕೇಂದ್ರ ಸರ್ಕಾರವೇ ನಿಗದಿ ಮಾಡುತ್ತದೆ. ಗೋಡೆ ಮೇಲಿನ ಹಳೆಯ ಅಂಕಿ ಮುಂದಿನ ವರ್ಷ ಕೌಂಟರಿನಲ್ಲಿ ಜಗಳಕ್ಕೆ ಕಾರಣ. ದಾಸ್ತಾನು ಮತ್ತು ದರಪಟ್ಟಿ ತೋರಿಸುವ ಜಾಗ ಅಂಗಡಿಯೊಳಗಿನ ಬೋರ್ಡು, ಅದನ್ನು 1983ರ ಬೀಜ ನಿಯಂತ್ರಣ ಆದೇಶವೇ ಕೇಳುತ್ತದೆ. ‘ಎಕರೆಗೆ ಇಷ್ಟು ಚೀಲ ಗ್ಯಾರಂಟಿ’ ಎಂಬ ಸಾಲಂತೂ ಬೇಡವೇ ಬೇಡ. ಮಳೆ ಕೈಕೊಟ್ಟ ವರ್ಷ ಆ ಗೋಡೆಯ ಫೋಟೊ ದೂರಿನ ಜೊತೆ ಲಗತ್ತಾಗುತ್ತದೆ.

‘ಪ್ರಮಾಣಿತ ಬೀಜ’ ಎಂಬ ಪದದಲ್ಲಿಯೂ ಎಚ್ಚರ ಬೇಕು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಹೊಲಿದಿರುತ್ತದೆ. ಖಾಸಗಿ ಕಂಪನಿಗಳ ಬಹುಪಾಲು ಹೈಬ್ರಿಡ್ ಬರುವುದು ವ್ಯಾಪಾರಿಗಳು ಟಿ.ಎಲ್. ಎನ್ನುವ ಹಸಿರು ಚೀಟಿಯ ಮೇಲೆ. ಅದು ಕಂಪನಿ ತಾನೇ ಕೊಡುವ ಭರವಸೆ, ಪ್ರಮಾಣೀಕರಣವಲ್ಲ. ಎರಡನ್ನೂ ಮಾರುವ ಅಂಗಡಿ ಗೋಡೆಯಗಲಕ್ಕೆ ‘ಪ್ರಮಾಣಿತ ಬೀಜ’ ಎಂದು ಬರೆಸಿದರೆ ಅದು ಸುಳ್ಳಾಗುತ್ತದೆ. ‘ಬೀಜದ ಅಂಗಡಿ’ ಎಂದಷ್ಟೇ ಬರೆದರೆ ತಕರಾರಿಲ್ಲ. ಬರೆಯುವವನಿಗೂ ಅದೇ ಸುಖ, ಯಾಕೆಂದು ಮುಂದೆ ಹೇಳಿದೆ.

ಒತ್ತಕ್ಷರದ ಲೆಕ್ಕ

ಗೋಡೆ ಕೆಡುವುದು ಹೆಚ್ಚಾಗಿ ಇಲ್ಲಿ. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆಯುವಾಗ ಸಾಲು ಒಂದು ಪಟ್ಟಿಯೊಳಗೆ ಕೂರುತ್ತದೆ: ಹತ್ತು ಇಂಚಿನ ಅಕ್ಷರ, ಮೂರು ಇಂಚು ಬಿಡು, ಮತ್ತೆ ಹತ್ತು ಇಂಚು. ಕನ್ನಡದಲ್ಲಿ ಅಕ್ಷರದ ಮೈ ಬೇರೆ, ಅದು ಮೇಲೆ ಕೆಳಗೆ ಚಾಚುವ ಕೈಕಾಲು ಬೇರೆ. ತಲೆಕಟ್ಟಿನಿಂದ ಅಡಿಗೆರೆಯವರೆಗಿನದ್ದು ಮೈ. ಗುಡಿಸು, ಏತ್ವ, ಅರ್ಧಾಕ್ಷರದ ಕೊಕ್ಕೆ ಇವೆಲ್ಲ ಮೇಲೆ ಮೈಯ ಕಾಲು ಭಾಗ ತಿನ್ನುತ್ತವೆ. ಒತ್ತು ಕೆಳಗೆ ಅರ್ಧ ಭಾಗ ಇಳಿಯುತ್ತದೆ. ಅಂದರೆ ಹತ್ತು ಇಂಚಿನ ಮೈ ಇರುವ ಸಾಲಿಗೆ ನಿಜವಾಗಿ ಬೇಕಾದದ್ದು ಹದಿನೆಂಟು ಇಂಚು, ಅದರ ಮೇಲೆ ಎರಡು ಸಾಲಿನ ನಡುವಿನ ಅಂತರ ಮೂರು. ಒಟ್ಟು ಇಪ್ಪತ್ತೊಂದು.

ನಮ್ಮ ಗೋಡೆಯಲ್ಲಿ ಇದನ್ನು ಇಟ್ಟು ನೋಡಿ. 9 ಅಡಿ ಎಂದರೆ 108 ಇಂಚು. ಕೆಳಗಿನ 24 ಇಂಚು ಬರವಣಿಗೆಗೆ ಸಿಗುವುದಿಲ್ಲ: ಮಳೆಗಾಲದಲ್ಲಿ ರಸ್ತೆಯ ಕೆಸರು ಸಿಡಿಯುವುದು, ಜನ ಒರಗಿ ಕೂರುವುದು, ಎಲೆ ಅಡಿಕೆ ಉಗುಳುವುದು ಎಲ್ಲ ಅಷ್ಟೆತ್ತರದಲ್ಲೇ. ಅಲ್ಲಿ ರೆಡ್ ಆಕ್ಸೈಡ್ ಬಣ್ಣದ ಪಟ್ಟಿ ಹೊಡೆದು ಬಿಡುವುದು. ಮೇಲೆ ತಗಡಿನ ನೀರು ತೊಟ್ಟಿಕ್ಕುವ 8 ಇಂಚು ಖಾಲಿ. ಉಳಿದದ್ದು 76 ಇಂಚು.

ಅಂಗಡಿಯವರು ಐದು ಸಾಲು ಕೇಳುತ್ತಾರೆ, ಎಲ್ಲವೂ ಒಂದೇ ಗಾತ್ರ, ಹತ್ತಿಂಚು. ಹದಿಮೂರರಂತೆ ಐದು ಸಾಲಿಗೆ 65, ಸಾಕಷ್ಟು ಜಾಗವಿದೆ ಎಂದು ಬಾಯಿಲೆಕ್ಕ ಹೇಳುತ್ತದೆ. ಇಪ್ಪತ್ತೊಂದರಂತೆ ಐದು ಸಾಲಿಗೆ 105 ಎಂದು ಕನ್ನಡ ಹೇಳುತ್ತದೆ. ಬಾಯಿಲೆಕ್ಕ ನಂಬಿ ಬರೆಯಲು ಶುರುಮಾಡಿದರೆ ಮೂರನೇ ಸಾಲಿನಲ್ಲಿ ಗೊತ್ತಾಗುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಏತ್ವಕ್ಕೆ ಡಿಕ್ಕಿ ಹೊಡೆಯುತ್ತಿರುತ್ತದೆ. ಆಗ ಒತ್ತನ್ನು ಕುಗ್ಗಿಸಿ ಅಕ್ಷರದ ಕಂಕುಳಲ್ಲಿ ತುರುಕುತ್ತಾರೆ. ದೂರದಿಂದ ‘ಹತ್ತಿ’ ಹೋಗಿ ‘ಹತಿ’ ಆಗುತ್ತದೆ. ಸಂತೆಗೆ ಹೋಗುವ ದಾರಿಯ ಗೋಡೆಗಳನ್ನು ಗಮನಿಸಿದರೆ ಕೊನೆಯ ಸಾಲು ಉಸಿರುಕಟ್ಟಿದಂತೆ ಇರುವುದು ಬಹಳ ಕಡೆ ಕಾಣುತ್ತದೆ, ಕಾರಣ ಇದೇ.

ಉಪಾಯ ಎರಡು. ಸಾಲು ಕಡಿಮೆ ಮಾಡಿ ಗಾತ್ರದಲ್ಲಿ ಹೆಚ್ಚುಕಡಿಮೆ ಮಾಡುವುದು ಒಂದು. ಒತ್ತಿಲ್ಲದ ಪದ ಆರಿಸುವುದು ಇನ್ನೊಂದು, ಲಾಭ ಹೆಚ್ಚಿರುವುದು ಇದರಲ್ಲಿಯೇ. ‘ಬೀಜದ ಅಂಗಡಿ’ಯಲ್ಲಿ ಒಂದೂ ಒತ್ತಿಲ್ಲ, ಕೆಳಗಿನ ಜಾಗ ಪೂರ್ತಿ ಉಳಿಯುತ್ತದೆ. ‘ಎಪಿಎಂಸಿ ಹತ್ತಿರ’ದಲ್ಲಿ ಒತ್ತಿದೆ, ‘ಎಪಿಎಂಸಿ ಗೇಟ್ ಎದುರು’ವಿನಲ್ಲಿ ಇಲ್ಲ. ‘ಬಸ್ ಸ್ಟ್ಯಾಂಡ್’ನಲ್ಲಿ ಎರಡು ಒತ್ತು ಒಂದರ ಪಕ್ಕ ಒಂದು ಕೂರಬೇಕು, ‘ಬಸ್ ನಿಲ್ದಾಣ’ದಲ್ಲಿ ಒಂದೇ. ‘ಲಕ್ಷ್ಮೇಶ್ವರ’ವಂತೂ ಬಲು ತುಟ್ಟಿ ಪದ: ‘ಕ್ಷ್ಮೇ’ಯಲ್ಲಿ ಷಕಾರ ಮಕಾರ ಎರಡೂ ಕೆಳಗೆ, ಏತ್ವ ಮೇಲೆ, ದೀರ್ಘ ಪಕ್ಕಕ್ಕೆ. ಗೋಡೆಯೇ ಲಕ್ಷ್ಮೇಶ್ವರದಲ್ಲಿ ಇರುವಾಗ ಊರಿನ ಹೆಸರು ಯಾರಿಗೆ ಬೇಕು? ಅದನ್ನು ಕೈಬಿಟ್ಟು ಬಾಣದ ಗುರುತು ಹಾಕಿದರೆ ದಾರಿ ಇನ್ನೂ ಬೇಗ ತಿಳಿಯುತ್ತದೆ.

ಅಂಗಡಿಯ ಹೆಸರು ಬದಲಿಸಲು ಬರುವುದಿಲ್ಲ. ಹೆಸರಿನ ಕೊನೆಗೆ ‘ಟ್ರೇಡರ್ಸ್’ ಇರುವುದೇ ಹೆಚ್ಚು. ಅದರಲ್ಲಿ ‘ಟ್ರೇ’ಯ ರಕಾರ ಕೆಳಗೆ ಇಳಿಯುತ್ತದೆ, ‘ರ್ಸ್’ನ ಅರ್ಕಾವತ್ತು ಕೆಳಗಿಳಿಯದೆ ಪಕ್ಕಕ್ಕೆ ಬೆಳೆಯುತ್ತದೆ. ಅರ್ಕಾವತ್ತಿಗೆ ಅಗಲದಲ್ಲಿ ಜಾಗ ಇಡದವರು ಕೊನೆಗೆ ಅದನ್ನು ಗೋಡೆಯ ಮೂಲೆ ಸುತ್ತಿ ಬರೆಯುತ್ತಾರೆ.

ಹೀಗೆ ಕುಳಿತು ತೂಗಿ ನೋಡಿದ ಮೇಲೆ ನಿಂತ ಅಳತೆ ಇದು. ಮೊದಲ ಸಾಲು ‘ಬೀಜದ ಅಂಗಡಿ’, ಮೈ 20 ಇಂಚು, ಮೇಲೆ ಗುಡಿಸಿಗೆ 5, ಕೆಳಗೆ ಅಂತರ 4: ಒಟ್ಟು 29. ಎರಡನೆಯದು ಅಂಗಡಿ ಹೆಸರು, ಮೈ 9, ಮೇಲೆ 2, ಒತ್ತಿಗೆ 5, ಅಂತರ 3: ಒಟ್ಟು 19. ಮೂರನೆಯದು ಹಂಗಾಮಿನ ಬೆಳೆಗಳು, ಮೈ 6, ಮೇಲೆ 2, ಒತ್ತಿಗೆ 3, ಅಂತರ 3: ಒಟ್ಟು 14. ಕೊನೆಯದು ವಿಳಾಸ ಮತ್ತು ಫೋನ್, ಮೈ 8, ಮೇಲೆ 2, ಒತ್ತೇ ಇಲ್ಲದ್ದರಿಂದ ಹತ್ತರಲ್ಲಿ ಮುಗಿಯಿತು. ಎಲ್ಲ ಕೂಡಿ 72. ಕೆಳಗಿನ ಕೆಂಪು ಪಟ್ಟಿಗೂ ಕೊನೆಯ ಸಾಲಿಗೂ ನಡುವೆ 4 ಇಂಚು ಉಸಿರಾಡಲು ಉಳಿಯಿತು.

ಅಗಲದ ಲೆಕ್ಕ ಸುಲಭ. 24 ಅಡಿಯಲ್ಲಿ ಎಡಕ್ಕೆ ಐದೂವರೆ ಅಡಿ ಚಿತ್ರಕ್ಕೆ, ಎರಡು ಅಂಚಿಗೂ ಚಿತ್ರದ ಪಕ್ಕಕ್ಕೂ ಅರ್ಧರ್ಧ ಅಡಿ, ಉಳಿದ 17 ಅಡಿ ಅಕ್ಷರಕ್ಕೆ. ಕನ್ನಡದ ಸಾದಾ ಅಕ್ಷರ ಎತ್ತರದಷ್ಟೇ ಅಗಲ ಹಿಡಿಯುತ್ತದೆ. ಬೀ, ಗೇ ಇಂಥ ದೀರ್ಘದವು ಒಂದೂವರೆಗಿಂತ ತುಸು ಹೆಚ್ಚು, ಸೊನ್ನೆ ಸೇರಿದ ‘ಅಂ’ ಎರಡಕ್ಕೆ ಹತ್ತಿರ. ‘ಬೀಜದ ಅಂಗಡಿ’ ನಡುವಿನ ಖಾಲಿ ಜಾಗವೂ ಸೇರಿ ಎಂಟೂಕಾಲು ಅಕ್ಷರದಗಲ ಬರುತ್ತದೆ. 20 ಇಂಚಿನ ಮೈಗೆ 14 ಅಡಿಯೊಳಗೆ ಕೂತಿತು, ಮೂರು ಅಡಿ ಉಳಿಯಿತು. ಜಾಗ ಉಳಿದದ್ದನ್ನು ಕಂಡಕೂಡಲೇ ‘ಅಣ್ಣಾರ, ಇಲ್ಲೊಂದು ಗೊಬ್ಬರ ಅಂತ ಹಾಕಿಬಿಡ್ರಿ, ಜಾಗ ಐತಲ್ಲ’ ಎಂಬ ಮಾತು ಬಂದೇ ಬರುತ್ತದೆ. ಹಾಕಿದರೆ ದೊಡ್ಡ ಸಾಲು ದೊಡ್ಡದಾಗಿ ಉಳಿಯುವುದಿಲ್ಲ. ಸುತ್ತ ಖಾಲಿ ಇದ್ದಾಗಲೇ ಅದು ಐವತ್ತು ಮೀಟರಿನಿಂದ ಎದ್ದು ಕಾಣುವುದು.

ಇದನ್ನೆಲ್ಲ ಚೌಕುಳಿ ಹಾಳೆಯ ಮೇಲೆ ಒಂದು ಸೆಂಟಿಮೀಟರಿಗೆ ಒಂದು ಅಡಿಯಂತೆ ಬರೆದರೆ ಇಡೀ ಗೋಡೆ ಒಂದು ಎ-4 ಹಾಳೆಯಲ್ಲಿ ಬರುತ್ತದೆ. ಅಂಗಡಿಯವರ ಸಹಿ ಆ ಹಾಳೆಯ ಮೇಲೆ ಬೀಳಲಿ. ಡಿಟಿಪಿಯಲ್ಲಿ ಮಾಡಿಸಿದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯ ಫೈಲನ್ನು ಹಾಗೇ ಕಳಿಸಬಾರದು. ಇನ್ನೊಂದು ಫೋನಿನಲ್ಲಿ ತೆರೆದಾಗ ಒತ್ತುಗಳೆಲ್ಲ ದಿಕ್ಕಾಪಾಲಾಗಿರುತ್ತವೆ, ಪೇಂಟರ್ ಕಂಡದ್ದನ್ನು ಕಂಡಂತೆಯೇ ಗೋಡೆಗೆ ಏರಿಸುತ್ತಾರೆ. ಚಿತ್ರವಾಗಿ ಕಳಿಸಿ, ಅಥವಾ ಮುದ್ರಿಸಿ ಕೈಗೆ ಕೊಡಿ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕವಿರಾಜಮಾರ್ಗ ಯಾವ ನಾಲ್ಕು ಊರುಗಳ ನಡುವಿನ ನಾಡನ್ನು ಕನ್ನಡದ ತಿರುಳು ಎಂದಿತೋ ಅವುಗಳಲ್ಲಿ ಇದೂ ಒಂದು. ಇಲ್ಲಿ ‘ಭೀಜ’ ಎಂದು ಬರೆದ ಗೋಡೆ ಕೆಟ್ಟದಾಗಿ ಕಾಣುತ್ತದೆ.

ಗೋಡೆಯ ಮೈ ಪರೀಕ್ಷೆ

ಕಪ್ಪು ಬಟ್ಟೆಯಿಂದ ಗೋಡೆ ಉಜ್ಜಿ. ಬಟ್ಟೆ ಬೆಳ್ಳಗಾದರೆ ಸುಣ್ಣ ಪುಡಿಯಾಗುತ್ತಿದೆ ಎಂದರ್ಥ. ಅದರ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಮೊದಲ ತಿಂಗಳು ಚೆನ್ನಾಗಿಯೇ ಇರುತ್ತದೆ. ಆಮೇಲೆ ಬಣ್ಣದ ಪೊರೆ ಬಿಸಿಲಿಗೆ ಬಿಗಿದುಕೊಂಡು ಅಡಿಯ ಸುಣ್ಣವನ್ನೂ ಕಿತ್ತುಕೊಂಡು ಹಪ್ಪಳದಂತೆ ಏಳುತ್ತದೆ, ಅದರ ಜೊತೆ ಅಕ್ಷರವೂ ಹೋಗುತ್ತದೆ. ಕೆರೆಯುವ ಪಟ್ಟಿಯಿಂದ ಗಿಲಾವು ಸಿಗುವವರೆಗೆ ಸುಣ್ಣ ತೆಗೆಯಲೇಬೇಕು. ಇಬ್ಬರಿಗೆ ಒಂದು ಪೂರ್ತಿ ದಿನದ ಕೆಲಸ, ಪೇಂಟರ್ ಒಪ್ಪಂದದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಕೆಲಸವೂ ಇದೇ. ಚದರಡಿ ಲೆಕ್ಕದಲ್ಲಿ ದರ ಮಾತಾಡುವಾಗ ಕೆರೆಯುವುದು ಅದರೊಳಗೆ ಬಂತೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳಬೇಕು.

ನಡುವಿನ ಹಳೆಯ ಎಣ್ಣೆ ಬಣ್ಣ ಬೇರೆ ತರಹದ ತೊಂದರೆ. ಅದು ಗಟ್ಟಿಯಾಗಿ ಹಿಡಿದಿದೆ, ಆದರೆ ನುಣುಪು. 120 ನಂಬರಿನ ಉಪ್ಪುಕಾಗದದಿಂದ ಹೊಳಪು ಸಾಯುವವರೆಗೆ ತಿಕ್ಕಿದರೆ ಹೊಸ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಹಳೆಯ ಕಪ್ಪು ಅಕ್ಷರ ಇರುವಲ್ಲಿಗೆ ಮಾತ್ರ ಎರಡು ಸಲ ಪ್ರೈಮರ್ ಹಾಕಬೇಕು, ಇಲ್ಲವಾದರೆ ಹಳೆಯ ಜಾಹೀರಾತು ಹೊಸದರ ಹಿಂದಿನಿಂದ ಇಣುಕುತ್ತದೆ.

ತೇವ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಒಳಮೈಯಲ್ಲಿ ಹನಿ ಕೂಡಿದ್ದರೆ ಗೋಡೆ ನೆಲದಿಂದ ನೀರು ಹೀರುತ್ತಿದೆ. ಅಂಥ ಕಡೆ ಬಿಳಿ ಉಪ್ಪು ಉಕ್ಕಿ ಬಣ್ಣ ಗುಳ್ಳೆ ಏಳುತ್ತದೆ. ನೆಲಕ್ಕೆ ಹತ್ತಿದ ಎರಡು ಅಡಿಯಷ್ಟೇ ಹೀಗಿದ್ದರೆ ಕೆಂಪು ಪಟ್ಟಿಯೊಳಗೆ ಮುಚ್ಚಿಹೋಗುತ್ತದೆ, ಪ್ರತಿ ವರ್ಷ ಪಟ್ಟಿ ಮಾತ್ರ ತಿದ್ದಿದರಾಯಿತು. ಅದಕ್ಕೂ ಮೇಲೆ ಏರಿದ್ದರೆ ಗೋಡೆ ಬಿಟ್ಟು ಬೇರೆ ನೋಡುವುದೇ ಲೇಸು.

ಗೋಡೆ ತೊಳೆಯಲು ಬೋರಿನ ಸವಳು ನೀರು ಬಳಸಿದರೆ ಒಣಗಿದ ಮೇಲೆ ನೀರೇ ಉಪ್ಪಿನ ಪದರ ಬಿಟ್ಟು ಹೋಗುತ್ತದೆ. ತೊಳೆಯಲೂ ಬಣ್ಣ ತೆಳು ಮಾಡಲೂ ಕುಡಿಯುವ ಸಿಹಿನೀರೇ ಬೇಕು. ತೊಳೆದ ಮೇಲೆ ಎರಡು ದಿನ ಒಣಗಲು ಬಿಡುವುದು. ಹೊಸದಾಗಿ ಗಿಲಾವು ಮಾಡಿದ ತೇಪೆ ಇದ್ದರೆ 28 ದಿನ ಕಾಯಬೇಕು. ಹಸಿ ಸಿಮೆಂಟಿನ ಕ್ಷಾರಕ್ಕೆ ಎಣ್ಣೆ ಬಣ್ಣ ಸಾಬೂನಿನಂತಾಗಿ ಜಿಗಟು ಹಿಡಿದು ಸುಲಿಯುತ್ತದೆ. ಆದ್ದರಿಂದ ಗೋಡೆಗೆ ಹೊರಾಂಗಣದ ಅಕ್ರಿಲಿಕ್ ಎಮಲ್ಷನ್, ಎನಾಮೆಲ್ ಏನಿದ್ದರೂ ಅಂಗಡಿಯ ಕಬ್ಬಿಣದ ಶಟರಿಗೆ.

ಬಣ್ಣ, ಎಷ್ಟು ಮತ್ತು ಯಾವುದು

ಬೀಜ ಎಂದರೆ ಹಸಿರು ಎಂಬ ರೂಢಿಯಿಂದ ಹಸಿರು ನೆಲದ ಮೇಲೆ ಕೆಂಪು ಅಕ್ಷರ ಬರೆಸುವವರಿದ್ದಾರೆ. ಹತ್ತಿರದಿಂದ ಕಣ್ಣಿಗೆ ಹೊಡೆಯುತ್ತದೆ, ಸಂಜೆ ಬೆಳಕಿನಲ್ಲಿ ಮಾಯವಾಗುತ್ತದೆ. ಎರಡೂ ಒಂದೇ ಗಾಢತೆಯವು. ಪರೀಕ್ಷೆ ಸುಲಭ: ಎರಡು ಬಣ್ಣವನ್ನು ಒಂದು ತಗಡಿನ ತುಂಡಿಗೆ ಹಚ್ಚಿ, ಫೋನಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಅಕ್ಷರ ನೆಲದಲ್ಲಿ ಕರಗಿದರೆ ಗೋಡೆಯ ಮೇಲೂ ಹಾಗೇ. ತಿಳಿ ಹಳದಿ ನೆಲ, ಕಪ್ಪು ಅಕ್ಷರ, ಅಂಗಡಿ ಹೆಸರಿಗೆ ಕಾವಿ ಕೆಂಪು, ಈ ಜೋಡಿ ಎಲ್ಲ ಬೆಳಕಿನಲ್ಲಿ ನಿಲ್ಲುತ್ತದೆ. ಪಡುವಣಕ್ಕೆ ಮುಖ ಮಾಡಿದ ಗೋಡೆಯಲ್ಲಿ ಝಗಮಗಿಸುವ ಕೆಂಪು ಬೇಗ ಗುಲಾಬಿಗೆ ತಿರುಗುತ್ತದೆ, ಕಬ್ಬಿಣದ ತುಕ್ಕಿನಿಂದಲೇ ಬಂದ ಕಾವಿಗೆ ಬಿಸಿಲಿನ ಭಯವಿಲ್ಲ. ಹಳದಿಯಲ್ಲಿಯೂ ನಿಂಬೆಹಣ್ಣಿನ ಹಳದಿಗೆ ಮುಚ್ಚುವ ಶಕ್ತಿ ಕಡಿಮೆ, ಮೂರು ಸಲ ಬಳಿದರೂ ಅಡಿಯದ್ದು ಕಾಣುತ್ತದೆ. ಆಕ್ಸೈಡ್ ಹಳದಿ ಬೆರೆತ ತಿಳಿ ಬಣ್ಣ ಎರಡೇ ಸಲಕ್ಕೆ ಕೂರುತ್ತದೆ.

ಒಟ್ಟು 216 ಚದರಡಿ. ಪ್ರೈಮರ್ ಒರಟು ಗಿಲಾವಿನ ಮೇಲೆ ಲೀಟರಿಗೆ ನೂರು ಚದರಡಿಯಂತೆ ಎರಡೂಕಾಲು ಲೀಟರ್ ಬೇಕು, ಕೆರೆದ ಹಳೆ ಗೋಡೆ ಹೆಚ್ಚು ಕುಡಿಯುವುದರಿಂದ 4 ಲೀಟರಿನ ಡಬ್ಬಿ ತರುವುದು. ಎಮಲ್ಷನ್ ಎರಡು ಸಲ ಬಳಿಯಲು ಲೀಟರಿಗೆ ಐವತ್ತು ಚದರಡಿ. ಹಳದಿಯ ಪಾಲಿಗೆ ಬರುವ ಸುಮಾರು 150 ಚದರಡಿಗೆ 3 ಲೀಟರ್, 4ರ ಡಬ್ಬಿ ತಂದರೆ ಒಂದು ಲೀಟರ್ ತಿದ್ದುಪಡಿಗೆ ಉಳಿಯುತ್ತದೆ. ಕೆಳಪಟ್ಟಿಗೆ ಕಾವಿ 1 ಲೀಟರ್, ಕಪ್ಪು 1, ಅಂಗಡಿ ಹೆಸರಿಗೆ ಕಾವಿ ಇನ್ನರ್ಧ, ಬಿಳಿ 1. ಕಪ್ಪನ್ನು ಸಿದ್ಧವಾಗಿಯೇ ಕೊಳ್ಳಬೇಕು. ಬಿಳಿಗೆ ಸ್ಟೇನರ್ ಸುರಿದು ಕಪ್ಪು ಮಾಡಲು ಹೋದರೆ ಬೂದಿಯಾಗುತ್ತದೆ, ಅತಿಯಾದರೆ ಒಣಗಿದ ಮೇಲೂ ಕೈಗೆ ಹತ್ತುತ್ತದೆ.

ಗೆರೆ, ಅಕ್ಷರ, ಚಿತ್ರ

ಹಳೆಯ ಗೋದಾಮಿನ ತಳ ನೆಲದ ಜೊತೆ ಓರೆಯಾಗಿಯೇ ಇರುತ್ತದೆ. ನೆಲದಿಂದ ಅಳೆದು ಗೆರೆ ಹೊಡೆದರೆ 24 ಅಡಿಗೆ ಸಾಲು ಮೂರು ನಾಲ್ಕು ಇಂಚು ಜಾರಿರುತ್ತದೆ. ನೀರು ತುಂಬಿದ ಲೆವೆಲ್ ಪೈಪಿನಿಂದ ಎರಡು ತುದಿಯಲ್ಲಿ ಗುರುತು ಮಾಡಿ, ಕಾವಿ ಪುಡಿ ತಿಕ್ಕಿದ ನೂಲು ಹಿಡಿದು ಹೊಡೆಯಬೇಕು. ಪ್ರತಿ ಸಾಲಿಗೆ ಮೂರು ಗೆರೆ: ತಲೆಕಟ್ಟು, ಅಡಿ, ಒತ್ತಿನ ತಳ. ಒತ್ತಿನ ತಳಕ್ಕೂ ಗೆರೆ ಇರುವುದೇ ಮುಖ್ಯ. ಆ ಗೆರೆ ಇಲ್ಲದಿದ್ದರೆ ಒಂದು ಒತ್ತು ದಪ್ಪ, ಇನ್ನೊಂದು ಸಣ್ಣ ಆಗುತ್ತದೆ.

ಬಿಸಿಲಿಗೆ ಕಾದ ಗೋಡೆಯಲ್ಲಿ ಬಣ್ಣ ಬ್ರಷ್ ಎಳೆಯುವಷ್ಟರಲ್ಲೇ ಒಣಗಿ ಪಟ್ಟಿಪಟ್ಟಿ ಕಾಣುತ್ತದೆ. ಪಡುವಣ ಗೋಡೆಗೆ ಬೆಳಗಿನ ಹೊತ್ತು, ಮೂಡಣ ಗೋಡೆಗೆ ಮಧ್ಯಾಹ್ನದ ನಂತರ. 9 ಅಡಿಗೆ ಎರಡು ಡ್ರಮ್ಮು, ಒಂದು ಹಲಗೆ ಸಾಕು. ಏಣಿಯಾದರೆ ಪ್ರತಿ ಅಕ್ಷರಕ್ಕೂ ಇಳಿದು ಸರಿಸಬೇಕಾಗುತ್ತದೆ, ಕೈಯ ಓಟ ತುಂಡಾಗುತ್ತದೆ.

ಚಿತ್ರಕ್ಕೆ ಶೇಂಗಾ ಗಿಡ. ಕಂಪನಿಯ ಪ್ಯಾಕೆಟ್ಟಿನ ಚಿತ್ರ, ಲಾಂಛನ ನಕಲು ಮಾಡುವುದು ಬೇಡ, ಅದಕ್ಕೆ ಅವರ ಒಪ್ಪಿಗೆ ಬೇಕು. ಬೇರು ಸಮೇತ ಕಿತ್ತ ಗಿಡ ಬರೆದರೆ ಒಳ್ಳೆಯದು, ಆದರೆ ಬರೆಯುವವರು ನಿಜವಾದ ಒಂದು ಗಿಡವನ್ನೋ ಅದರ ಫೋಟೊವನ್ನೋ ಮುಂದಿಟ್ಟುಕೊಳ್ಳಬೇಕು. ಇಲ್ಲವಾದರೆ ಅವರೆ ಕಾಯಿಯಂತೆ ಕೊಂಬೆಯಿಂದ ಜೋತುಬಿದ್ದ ಶೇಂಗಾ ಬರುತ್ತದೆ. ಹೂ ಮೇಲೆ ಅರಳಿದರೂ ಅದರಿಂದ ಇಳಿದ ಸೂಜಿ ಮಣ್ಣಿಗೆ ಹೊಕ್ಕು ಕಾಯಿ ಕಟ್ಟುವುದು ನೆಲದೊಳಗೆ. ಹಾಗಾಗಿ ಚಿತ್ರದಲ್ಲಿ ಕಾಯಿಗೊಂಚಲು ಎಲೆಗಳ ಕೆಳಗೆ, ಬೇರಿನ ಸುತ್ತ ಇರಬೇಕು. ಒಂದು ಎಲೆದಂಟಿಗೆ ನಾಲ್ಕೇ ಎಲೆ, ಎರಡೆರಡರ ಜೋಡಿ. ಕಾಯಿಗೆ ನಡುವೆ ಸೊಂಟ. ಬ್ಯಾಡಗಿ ಮೆಣಸಿನಕಾಯಿ ಬರೆಸುವವರಿಗೂ ಇದೇ ಮಾತು: ಅದು ನುಣ್ಣಗೆ ಹೊಳೆಯುವ ಕಾಯಿಯಲ್ಲ, ಸುಕ್ಕುಗಟ್ಟಿದ್ದು. ನುಣ್ಣಗಿನ ಮೆಣಸಿನಕಾಯಿ ಕಂಡರೆ ಬೆಳೆಗಾರ ಬೀಜದ ಮೇಲೂ ಅನುಮಾನ ಪಡುತ್ತಾನೆ.

ಫೋನ್ ಅಂಕಿಗಳನ್ನು ಐದೈದರ ಎರಡು ಗುಂಪಾಗಿ, ಡಯಲ್ ಮಾಡುವಾಗ ಕಾಣುವ ಅಂಕಿಗಳಲ್ಲೇ ಬರೆಯುವುದು. ಬರೆದು ಮುಗಿದ ಕೂಡಲೇ, ಪೇಂಟರ್ ಇನ್ನೂ ಹಲಗೆಯ ಮೇಲಿರುವಾಗ, ಹಾಳೆ ನೋಡದೆ ಗೋಡೆ ನೋಡಿ ಆ ನಂಬರಿಗೆ ಕರೆ ಮಾಡಬೇಕು. ಅಂಗಡಿಯ ಫೋನು ರಿಂಗಾಗದಿದ್ದರೆ ತಿದ್ದಲು ಬಣ್ಣ ಆಗಿನ್ನೂ ಹಸಿಯಾಗಿರುತ್ತದೆ.

ಮೂರನೇ ಸಾಲು ಬಿಳಿ ಯಾಕೆ

ಬೆಳೆಗಳ ಸಾಲು ಇರುವ 14 ಇಂಚಿನ ಪಟ್ಟಿಯನ್ನು ಮಾತ್ರ ಹಳದಿಯಲ್ಲಿ ಬಿಡದೆ ಬಿಳಿ ಮಾಡಿ ಸುತ್ತ ತೆಳುವಾದ ಕಪ್ಪು ಅಂಚು ಎಳೆಯುವುದು. ಮುಂಗಾರಿಗೆ ಅದರಲ್ಲಿ ಹೆಸರು, ಶೇಂಗಾ, ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ಹಸ್ತಾ ಮಳೆ ಸೆಪ್ಟೆಂಬರ್ ಕೊನೆಗೆ ಬರುವ ಮುಂಚೆ ಇದನ್ನು ಅಳಿಸಿ ಕಡಲೆ, ಬಿಳಿಜೋಳ, ಗೋಧಿ, ಕುಸುಬೆ ಬರೆಯಬೇಕು. ಪಟ್ಟಿ ಹಳದಿಯದಾಗಿದ್ದರೆ ನಾಲ್ಕು ತಿಂಗಳ ಬಿಸಿಲು ಮಳೆ ತಿಂದ ನೆಲದ ಮೇಲೆ ಹೊಸ ಹಳದಿ ತೇಪೆ ಹಾಕಿದಂತೆ ಎದ್ದು ಕಾಣುತ್ತದೆ, ಅದೇ ಡಬ್ಬಿಯ ಬಣ್ಣವಾದರೂ ಅಷ್ಟೇ. ಬಿಳಿಗೆ ಅಂಚು ಇದ್ದರೆ ಆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಪಟ್ಟಿ 17 ಅಡಿ ಉದ್ದ, ಸುಮಾರು 20 ಚದರಡಿ. ಎರಡು ಕೋಟು ಬಿಳಿಗೆ ಅರ್ಧ ಲೀಟರ್ ಸಾಕು, ಮೊದಲು ತಂದ ಲೀಟರಿನಲ್ಲಿ ಉಳಿದದ್ದೇ ಆಗುತ್ತದೆ. ಉಳಿದ ಬಣ್ಣವನ್ನು ದೊಡ್ಡ ಡಬ್ಬಿಯಲ್ಲಿ ಅರ್ಧ ಖಾಲಿ ಇಟ್ಟರೆ ಕೆನೆ ಕಟ್ಟುತ್ತದೆ. ತುಂಬುವಷ್ಟು ಸಣ್ಣ ಡಬ್ಬಿಗೆ ಸುರಿದು, ಮುಚ್ಚಳ ಗುದ್ದಿ, ಮೇಲೆ ತಾರೀಖು ಬರೆದು ಅಂಗಡಿಯ ನೆರಳಿನಲ್ಲಿ ಇಡಬೇಕು, ಬೀಜದ ಚೀಲಗಳಿಂದ ದೂರ. ಅಳತೆಯ ಹಾಳೆಯನ್ನೂ ಆ ಡಬ್ಬಿಯ ಜೊತೆಗೇ ಕಟ್ಟಿಟ್ಟರೆ ಸೆಪ್ಟೆಂಬರಿನಲ್ಲಿ ಬೇರೆ ಪೇಂಟರ್ ಬಂದರೂ ಆರಿಂಚಿನ ಮೈ, ಮೂರಿಂಚಿನ ಒತ್ತು ಎಂದು ಹೊಸದಾಗಿ ಅಳೆಯಬೇಕಾಗಿಲ್ಲ. ಹಿಂಗಾರಿಯ ನಾಲ್ಕು ಬೆಳೆಯಲ್ಲಿ ಒಂದಕ್ಕೂ ಒತ್ತಿಲ್ಲವಾದ್ದರಿಂದ ಮೈಯನ್ನು ಎಂಟಿಂಚಿಗೆ ಏರಿಸಿದರೂ ಅದೇ ಪಟ್ಟಿಯಲ್ಲಿ ಕೂರುತ್ತದೆ.